ರೋಡ್‌ಮ್ಯಾಪ್ ಸ್ಲೈಡ್ ಅಕ್ಷರಕ್ಕಿಳಿದಾಗ

ಮೇಲೆ ತಿಂಗಳುಗಳ ಹೆಸರು, ಎಡಕ್ಕೆ ಕೆಲಸಗಳ ಹೆಸರು, ನಡುವೆ ಉದ್ದುದ್ದ ಮಲಗಿದ ನೀಲಿ, ಹಸಿರು, ಕಿತ್ತಳೆ ಬಣ್ಣದ ಪಟ್ಟೆಗಳು. ಕಚೇರಿ, ಬ್ಯಾಂಕು, ಸಹಕಾರ ಸಂಘ, ಅಪಾರ್ಟ್‌ಮೆಂಟ್ ಸಮಿತಿ, ಎಲ್ಲಿ ಹೊಸ ಯೋಜನೆಯ ಮಾತು ಬಂದರೂ ಗೋಡೆಯ ಮೇಲೆ ಈ ಚಿತ್ರ ಮೂಡುತ್ತದೆ. ಇದಕ್ಕೆ ರೋಡ್‌ಮ್ಯಾಪ್ ಸ್ಲೈಡ್ ಎನ್ನುತ್ತಾರೆ. ನೋಡಲು ಚೆಂದ, ಅರ್ಥವಾಯಿತು ಅನ್ನಿಸುವುದೂ ಬೇಗ. ತೊಂದರೆ ಶುರುವಾಗುವುದು ಸಭೆ ಮುಗಿದ ಮೇಲೆ, ನಡಾವಳಿ ಪುಸ್ತಕ ಬಿಚ್ಚಿ ಕೂತವರಿಗೆ. ‘ಯೋಜನೆಯ ಹಂತಗಳನ್ನು ಸಭೆಗೆ ವಿವರಿಸಲಾಯಿತು, ಸಭೆಯು ಒಪ್ಪಿಗೆ ನೀಡಿತು’ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಸಭೆ ಒಪ್ಪಿದ್ದು ಏನನ್ನು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂದು ಆರು ತಿಂಗಳ ನಂತರ ಯಾರಾದರೂ ಕೇಳಿದರೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ.

ಸ್ಲೈಡ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ವರ್ಡ್‌ಗೆ ಹಾಕಿದರಾಯಿತಲ್ಲ ಎನ್ನಬಹುದು. ಹಾಕಿ ನೋಡಿ. ಏಪ್ರಿಲ್, ಮೇ, ಜೂನ್ ಎಂಬ ಹೆಸರುಗಳು ಬರುತ್ತವೆ. ಪರಿಶೀಲನೆ, ತರಬೇತಿ, ಸಪೋರ್ಟ್ ಎಂಬ ಹೆಸರುಗಳೂ ಬರುತ್ತವೆ. ಯಾವುದು ಯಾವುದಕ್ಕೆ ಸೇರಿದ್ದು ಎಂಬುದು ಮಾತ್ರ ಬರುವುದಿಲ್ಲ. ಈ ಚಿತ್ರದ ಅರ್ಥವೆಲ್ಲ ಇರುವುದು ಪಟ್ಟೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂಬುದರಲ್ಲಿ. ಆ ಜಾಗವನ್ನು ಯಾರೂ ಅಕ್ಷರದಲ್ಲಿ ಬರೆದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಇದೇ ಗತಿ. ಅದು ಸ್ಲೈಡ್‌ನ ಪೆಟ್ಟಿಗೆಗಳಲ್ಲಿರುವ ಪದಗಳನ್ನು ಒಂದಾದ ಮೇಲೊಂದು ಓದುತ್ತದೆ, ಪಟ್ಟೆಯ ಉದ್ದವನ್ನು ಓದುವುದಿಲ್ಲ. ಪೆಟ್ಟಿಗೆಗಳನ್ನು ಸ್ಲೈಡ್ ಮೇಲೆ ಇಟ್ಟ ಕ್ರಮದಲ್ಲೇ ಸಾಮಾನ್ಯವಾಗಿ ಓದುವುದರಿಂದ, ಕೊನೆಗೆ ನೆನಪಾಗಿ ಸೇರಿಸಿದ ‘ಪರಿಶೀಲನೆ’ ಎಂಬ ಮೊದಲ ಹಂತ ಕಟ್ಟಕಡೆಗೆ ಕೇಳಿಸುವುದೂ ಉಂಟು.

ಹಾಗಾಗಿ ಸ್ಲೈಡನ್ನು ಅಕ್ಷರಕ್ಕಿಳಿಸುವುದೆಂದರೆ ಜಾಗವನ್ನು ಅಳೆದು ತಾರೀಕು ಮಾಡುವುದು. ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ಮಾಡಿ ನೋಡೋಣ. ತಾಲ್ಲೂಕು ಕೇಂದ್ರದ ಒಂದು ಪತ್ತಿನ ಸಹಕಾರ ಸಂಘ ತನ್ನ ಲೆಡ್ಜರ್ ಲೆಕ್ಕವನ್ನು ಹೊಸ ಸಾಫ್ಟ್‌ವೇರ್‌ಗೆ ಬದಲಾಯಿಸಲು ಹೊರಟಿದೆ ಎಂದುಕೊಳ್ಳಿ. ಸಾಫ್ಟ್‌ವೇರ್ ಕೊಡುವವರು ಆಡಳಿತ ಮಂಡಳಿಯ ಮುಂದೆ ಒಂದು ಸ್ಲೈಡ್ ಇಟ್ಟಿದ್ದಾರೆ. ಏಪ್ರಿಲ್ 2025ರಿಂದ ಮಾರ್ಚ್ 2026ರವರೆಗೆ ಹನ್ನೆರಡು ತಿಂಗಳು, ಆರು ಪಟ್ಟೆಗಳು, ಒಂದು ವಜ್ರಾಕಾರದ ಗುರುತು. ಮೊದಲ ಪಟ್ಟೆ ಹಳೆಯ ಲೆಕ್ಕದ ಪರಿಶೀಲನೆ. ಎರಡನೆಯದು ಡೇಟಾ ಕ್ಲೀನಿಂಗ್, ಅಂದರೆ ಸದಸ್ಯರ ಹೆಸರು, ಷೇರು, ಸಾಲದ ಬಾಕಿ ಎಲ್ಲವನ್ನೂ ತಿದ್ದಿ ಒಂದು ಅಚ್ಚಿಗೆ ತರುವುದು. ಮೂರನೆಯದು ಸಾಫ್ಟ್‌ವೇರ್ ಅಳವಡಿಕೆ, ನಾಲ್ಕನೆಯದು ಸಿಬ್ಬಂದಿ ತರಬೇತಿ. ಐದನೆಯದು ಪ್ಯಾರಲಲ್ ರನ್: ಒಂದೇ ವ್ಯವಹಾರವನ್ನು ಹಳೆಯ ಲೆಡ್ಜರ್‌ನಲ್ಲೂ ಹೊಸ ಸಾಫ್ಟ್‌ವೇರ್‌ನಲ್ಲೂ ಬರೆದು ಸಂಜೆ ಎರಡರ ಮೊತ್ತ ತಾಳೆ ನೋಡುವ ಕಾಲ. ಆರನೆಯದು ಸಪೋರ್ಟ್. ವಜ್ರದ ಗುರುತಿನ ಪಕ್ಕ ‘ಗೋ-ಲೈವ್’ ಎಂದಿದೆ. ಪಟ್ಟೆಗಳ ಮೇಲೆ ಒಂದೇ ಒಂದು ತಾರೀಕಿಲ್ಲ.

ಅಳೆಯುವ ಮುನ್ನ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಈ ಸ್ಲೈಡ್‌ನಲ್ಲಿ ನಿಜವಾಗಿಯೂ ಕಾಲದ ಅಳತೆಗೋಲು ಇದೆಯೇ? ಒಂದರ ಬಾಲಕ್ಕೆ ಇನ್ನೊಂದು ಸೇರಿದ ಬಾಣಗಳ ಸಾಲನ್ನು ಹಾಕಿ ಅದಕ್ಕೂ ರೋಡ್‌ಮ್ಯಾಪ್ ಎಂದು ಹೆಸರಿಡುವುದು ಬಹಳ. ಅಲ್ಲಿ ಐದು ಬಾಣಗಳು ಒಂದೇ ಉದ್ದ ಇರುವುದು ಐದು ಕೆಲಸಕ್ಕೂ ಒಂದೇ ಅವಧಿ ಎಂಬ ಕಾರಣಕ್ಕಲ್ಲ. ಹಾಗೆ ಜೋಡಿಸುವುದು ಸುಲಭ ಎಂಬ ಕಾರಣಕ್ಕೆ. ಅಂಥ ಸ್ಲೈಡ್‌ನಿಂದ ಕೆಲಸಗಳ ಕ್ರಮವನ್ನಷ್ಟೇ ಬರೆದುಕೊಂಡು, ಅವಧಿಯ ಕಾಲಂನಲ್ಲಿ ‘ಸ್ಲೈಡ್‌ನಲ್ಲಿ ಹೇಳಿಲ್ಲ’ ಎಂದು ನಮೂದಿಸಬೇಕು. ಇನ್ನು ಕೆಲವು ಸ್ಲೈಡ್‌ಗಳಲ್ಲಿ ಮೊದಲ ಮೂರು ತಿಂಗಳಿಗೆ ಅರ್ಧ ಗೋಡೆ, ಮುಂದಿನ ಎರಡು ವರ್ಷಕ್ಕೆ ಉಳಿದರ್ಧ. ಅಲ್ಲಿ ಒಂದೇ ಅಳತೆಗೋಲು ನಡೆಯುವುದಿಲ್ಲ, ತುಂಡು ತುಂಡಾಗಿ ಅಳೆಯಬೇಕು. ತಿಂಗಳ ಬದಲು Q1, Q2 ಎಂದಿದ್ದರೆ ಕೇಳಿಯೇ ತಿಳಿಯಬೇಕು. ನಮ್ಮ ಹಣಕಾಸು ವರ್ಷದ ಲೆಕ್ಕದಲ್ಲಿ Q1 ಅಂದರೆ ಏಪ್ರಿಲ್‌ನಿಂದ ಜೂನ್. ಕ್ಯಾಲೆಂಡರ್ ವರ್ಷ ಹಿಡಿಯುವ ಕಂಪನಿಗೆ ಅದೇ Q1 ಜನವರಿಯಿಂದ ಮಾರ್ಚ್. ಇಲ್ಲಿ ಎಡವಿದರೆ ಇಡೀ ಕೋಷ್ಟಕ ಮೂರು ತಿಂಗಳು ಆಚೀಚೆಯಾಗುತ್ತದೆ.

ನಮ್ಮ ಸಂಘದ ಸ್ಲೈಡ್‌ನಲ್ಲಿ ಪುಣ್ಯಕ್ಕೆ ತಿಂಗಳುಗಳಿವೆ, ಎಲ್ಲ ಕಾಲಂಗಳೂ ಒಂದೇ ಅಗಲ. ಪವರ್‌ಪಾಯಿಂಟ್ ಫೈಲ್ ಕೈಯಲ್ಲಿದ್ದರೆ ಸ್ಕೇಲ್ ಹಿಡಿಯುವ ಅಗತ್ಯವೂ ಇಲ್ಲ. ಪಟ್ಟೆಯ ಮೇಲೆ ಬಲಗಡೆಯ ಕ್ಲಿಕ್ ಮಾಡಿ `Size and Position` ಆರಿಸಿದರೆ ಪಕ್ಕದಲ್ಲಿ ಒಂದು ಫಲಕ ತೆರೆಯುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಎರಡೇ ಅಂಕಿ. `Horizontal position` ಎಂಬುದು ಸ್ಲೈಡ್‌ನ ಎಡ ಅಂಚಿನಿಂದ ಪಟ್ಟೆ ಎಷ್ಟು ದೂರದಲ್ಲಿ ಶುರುವಾಗುತ್ತದೆ ಎಂದು ಹೇಳುತ್ತದೆ, `Width` ಅದರ ಅಗಲವನ್ನು. ಮೊದಲು ತಿಂಗಳುಗಳ ತಲೆಸಾಲನ್ನೇ ಅಳೆಯಬೇಕು. ನಮ್ಮ ಸ್ಲೈಡ್‌ನಲ್ಲಿ ಏಪ್ರಿಲ್ ಶುರುವಾಗುವುದು 6 ಸೆಂಟಿಮೀಟರ್‌ಗೆ, ಮಾರ್ಚ್ ಮುಗಿಯುವುದು 30ಕ್ಕೆ. 24 ಸೆಂಟಿಮೀಟರ್‌ನಲ್ಲಿ ಹನ್ನೆರಡು ತಿಂಗಳು, ಅಂದರೆ ತಿಂಗಳಿಗೆ 2 ಸೆಂಟಿಮೀಟರ್.

ಈಗ ಎರಡನೇ ಪಟ್ಟೆ, ಡೇಟಾ ಕ್ಲೀನಿಂಗ್. ಶುರು 9 ಸೆಂಟಿಮೀಟರ್‌ಗೆ, ಅಗಲ 7. ಒಂಬತ್ತರಲ್ಲಿ ಆರು ಕಳೆದರೆ ಮೂರು. ಎರಡರಿಂದ ಭಾಗಿಸಿದರೆ ಒಂದೂವರೆ. ಏಪ್ರಿಲ್ 1ರಿಂದ ಒಂದೂವರೆ ತಿಂಗಳು ಕಳೆದ ಮೇಲೆ, ಅಂದರೆ ಮೇ ಮಧ್ಯದಲ್ಲಿ ಕೆಲಸ ಶುರು. ಪಟ್ಟೆಯ ಬಲ ಅಂಚು 9 ಮತ್ತು 7 ಸೇರಿ 16ಕ್ಕೆ ಬೀಳುತ್ತದೆ. ಹದಿನಾರರಲ್ಲಿ ಆರು ಕಳೆದು ಎರಡರಿಂದ ಭಾಗಿಸಿದರೆ ಐದು. ಐದು ತಿಂಗಳು ತುಂಬಿದಾಗ, ಅಂದರೆ ಆಗಸ್ಟ್ ಕೊನೆಗೆ ಮುಗಿತಾಯ. ಅವಧಿ ಮೂರೂವರೆ ತಿಂಗಳು. ಎಲ್ಲ ಪಟ್ಟೆಗಳಿಗೂ ಇದೇ ಲೆಕ್ಕ.

ಅಂಕಿ ಯಾವಾಗಲೂ ಇಷ್ಟು ಸಲೀಸಾಗಿ ಬರುವುದಿಲ್ಲ. ತರಬೇತಿಯ ಪಟ್ಟೆ ಫಲಕದಲ್ಲಿ ತೋರಿಸುವುದು 14.87 ಸೆಂಟಿಮೀಟರ್. ಲೆಕ್ಕ ಹಾಕಿದರೆ ಆಗಸ್ಟ್ 14ರ ಸುಮಾರು ಬರುತ್ತದೆ. ಹಾಗಾದರೆ ತರಬೇತಿ 14ಕ್ಕೋ, 15ಕ್ಕೋ, 16ಕ್ಕೋ? ಯಾವುದೂ ಅಲ್ಲ. ಸ್ಲೈಡ್ ಮಾಡಿದವರು ಮೌಸ್ ಹಿಡಿದು ಪಟ್ಟೆ ಎಳೆದಿದ್ದಾರೆ, ಕೈ ಒಂದು ಮಿಲಿಮೀಟರ್ ಆಚೀಚೆ ಹೋಗಿದೆ, ಅಷ್ಟೆ. ಈ ಅಳತೆಗೋಲಿನಲ್ಲಿ ಒಂದು ಮಿಲಿಮೀಟರ್ ಅಂದರೆ ಒಂದೂವರೆ ದಿನ. ಅವರ ಮನಸ್ಸಿನಲ್ಲಿ ಇದ್ದದ್ದು ‘ಆಗಸ್ಟ್ ಮಧ್ಯದಿಂದ’ ಎಂಬುದಷ್ಟೆ. ಹಾಗಾಗಿ ತಿಂಗಳ ಕಾಲಂಗಳಿರುವ ಸ್ಲೈಡ್‌ಗೆ ಅರ್ಧ ತಿಂಗಳಿಗಿಂತ ಸೂಕ್ಷ್ಮವಾಗಿ ಬರೆಯಬಾರದು. ಹತ್ತಿರದ ಅರ್ಧ ತಿಂಗಳಿಗೆ ಸರಿಪಡಿಸಿ, ಹಾಗೆ ಸರಿಪಡಿಸಿದ್ದೇವೆ ಎಂದು ಕೋಷ್ಟಕದ ತಲೆಯ ಮೇಲೇ ಒಂದು ಸಾಲು ಹಾಕಬೇಕು. ‘14 ಆಗಸ್ಟ್’ ಎಂದು ಬರೆದುಬಿಟ್ಟರೆ ಓದುವವರು ಅದನ್ನು ಯಾರೋ ಯೋಚಿಸಿ ನಿಗದಿ ಮಾಡಿದ ದಿನ ಎಂದು ನಂಬುತ್ತಾರೆ.

ಪಟ್ಟೆಯ ತುದಿಗಳೂ ಒಮ್ಮೊಮ್ಮೆ ಕೈಕೊಡುತ್ತವೆ. ಬಾಣದ ಮೂತಿಯಿರುವ ಪಟ್ಟೆಯಲ್ಲಿ ಕೆಲಸ ಮುಗಿಯುವುದು ಮೂತಿ ಶುರುವಾಗುವ ಕಡೆಯೋ ಚೂಪಾದ ಕೊನೆಯಲ್ಲೋ? ಅಂಥ ಎರಡು ಮೂರು ಪಟ್ಟೆಗಳನ್ನು ಅಳೆದು, ಯಾವ ಅಂಚು ತಿಂಗಳ ಗೆರೆಗೆ ಸರಿಯಾಗಿ ಕೂರುತ್ತದೋ ಅದನ್ನೇ ಹಿಡಿಯುವುದು ಜಾಣತನ. ನಮ್ಮ ಸ್ಲೈಡ್‌ನ ಸಪೋರ್ಟ್ ಪಟ್ಟೆಗೆ ಇನ್ನೊಂದು ವಿಶೇಷವಿದೆ: ಬಲತುದಿಯಲ್ಲಿ ಬಣ್ಣ ಮಾಸುತ್ತಾ ಹೋಗಿ, ಮಾರ್ಚ್ ಗೆರೆಯನ್ನು ದಾಟಿ ಬಾಣವಾಗಿದೆ. ಸಪೋರ್ಟ್ ಮಾರ್ಚ್‌ಗೆ ಮುಗಿಯುವುದಿಲ್ಲ ಎಂದೋ, ಮುಂದೇನು ಎಂದು ತೀರ್ಮಾನಿಸಿಲ್ಲ ಎಂದೋ ಅರ್ಥ. ಚಿತ್ರದಲ್ಲಿ ಇಂಥ ಅನಿಶ್ಚಯ ತೋರಿಸುವ ಪದ್ಧತಿ ಹಳೆಯದು. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಕಟಿಸಿದ ಚರಿತ್ರೆಯ ನಕಾಶೆಯಲ್ಲಿ ಹೆಸರಾಂತ ವ್ಯಕ್ತಿಗಳ ಆಯುಸ್ಸನ್ನು ಅಡ್ಡಗೆರೆಗಳಲ್ಲಿ ತೋರಿಸಿ, ಹುಟ್ಟು ಸಾವಿನ ಕಾಲ ಖಚಿತವಿಲ್ಲದ ಕಡೆ ಚುಕ್ಕಿಗಳನ್ನಿಟ್ಟಿದ್ದ. ಹೆನ್ರಿ ಗ್ಯಾಂಟ್ ಹೆಸರಿನಲ್ಲಿ ಕೆಲಸದ ಪಟ್ಟೆಗಳು ಜನಪ್ರಿಯವಾದದ್ದು ಅದಾಗಿ ಸುಮಾರು ನೂರೈವತ್ತು ವರ್ಷದ ನಂತರ. ಚುಕ್ಕಿಯಿರಲಿ, ಮಾಸಿದ ಬಣ್ಣವಿರಲಿ, ಕೋಷ್ಟಕದಲ್ಲಿ ಅದು ಪದವಾಗಿ ಬರಬೇಕು: ‘ಕೊನೆ ಖಚಿತವಿಲ್ಲ’. ಇಲ್ಲದಿದ್ದರೆ ‘31 ಮಾರ್ಚ್’ ಎಂಬ ಸುಳ್ಳು ಖಚಿತತೆ ಒಳಗೆ ನುಸುಳುತ್ತದೆ. ನಡುವಿನ ವಜ್ರದ ಗುರುತಿಗೆ ಅವಧಿಯೇ ಇಲ್ಲ. ಅದು ಒಂದು ದಿನದ ಘಟನೆ. ಅದರ ಎಡ ಅಂಚನ್ನಲ್ಲ, ನಡುಬಿಂದುವನ್ನು ಅಳೆಯಬೇಕು; ನಮ್ಮಲ್ಲಿ ಅದು 24 ಸೆಂಟಿಮೀಟರ್‌ಗೆ ಇದೆ, ಅಂದರೆ ಜನವರಿ 1.

ಎಲ್ಲ ಅಳೆದು ಮುಗಿದ ಮೇಲೆ ಕೋಷ್ಟಕ ಹೀಗೆ ಬರುತ್ತದೆ. ತಾರೀಕುಗಳನ್ನು ಸ್ಲೈಡ್‌ನಿಂದ ಅಳೆದು ಹತ್ತಿರದ ಅರ್ಧ ತಿಂಗಳಿಗೆ ಸರಿಪಡಿಸಿದೆ.

| ಕ್ರಮ | ಹಂತ | ಶುರು | ಕೊನೆ | ಅವಧಿ |
|---|---|---|---|---|
| 1 | ಹಳೆಯ ಲೆಕ್ಕದ ಪರಿಶೀಲನೆ | 1 ಏಪ್ರಿಲ್ 2025 | 31 ಮೇ 2025 | 2 ತಿಂಗಳು |
| 2 | ಡೇಟಾ ಕ್ಲೀನಿಂಗ್ | 16 ಮೇ 2025 | 31 ಆಗಸ್ಟ್ 2025 | 3.5 ತಿಂಗಳು |
| 3 | ಸಾಫ್ಟ್‌ವೇರ್ ಅಳವಡಿಕೆ | 1 ಜೂನ್ 2025 | 30 ಸೆಪ್ಟೆಂಬರ್ 2025 | 4 ತಿಂಗಳು |
| 4 | ಸಿಬ್ಬಂದಿ ತರಬೇತಿ | 16 ಆಗಸ್ಟ್ 2025 | 15 ಅಕ್ಟೋಬರ್ 2025 | 2 ತಿಂಗಳು |
| 5 | ಪ್ಯಾರಲಲ್ ರನ್ | 1 ಅಕ್ಟೋಬರ್ 2025 | 31 ಡಿಸೆಂಬರ್ 2025 | 3 ತಿಂಗಳು |
| ಗುರುತು | ಗೋ-ಲೈವ್ | 1 ಜನವರಿ 2026 | ಅನ್ವಯಿಸದು | ಒಂದು ದಿನದ ಘಟನೆ |
| 6 | ಸಪೋರ್ಟ್ | 1 ಜನವರಿ 2026 | ಮಾರ್ಚ್ 2026ರ ಆಚೆಗೆ, ಖಚಿತವಿಲ್ಲ | ಕನಿಷ್ಠ 3 ತಿಂಗಳು |

ಶುರು ಮತ್ತು ಕೊನೆಯನ್ನು ‘ಏಪ್ರಿಲ್-ಮೇ’ ಎಂದು ಒಂದೇ ಕಡೆ ತುರುಕದೆ ಎರಡು ಕಾಲಂ ಮಾಡಿರುವುದಕ್ಕೆ ಕಾರಣವಿದೆ. ಸ್ಕ್ರೀನ್ ರೀಡರ್ ಕೋಷ್ಟಕವನ್ನು ಒಂದೊಂದು ಚೌಕವಾಗಿ ಓದುತ್ತದೆ, ಜೊತೆಗೆ ಕಾಲಂನ ತಲೆಹೆಸರನ್ನೂ ಹೇಳಬಲ್ಲದು. ‘ಕೊನೆ, 31 ಆಗಸ್ಟ್ 2025’ ಎಂದು ಕೇಳಿಸಿದರೆ ಗೊಂದಲವಿಲ್ಲ. ಅದೇ ಕಾರಣಕ್ಕೆ ಚೌಕಗಳನ್ನು ಒಂದಕ್ಕೊಂದು ಸೇರಿಸಬಾರದು, ಖಾಲಿಯನ್ನೂ ಬಿಡಬಾರದು. ಖಾಲಿ ಚೌಕ ಕಂಡರೆ ಮಾಹಿತಿ ಇಲ್ಲವೋ ಬರೆಯಲು ಮರೆತದ್ದೋ ಗೊತ್ತಾಗುವುದಿಲ್ಲ. ಸ್ಲೈಡ್‌ನಲ್ಲಿ ಬಣ್ಣಕ್ಕೆ ಅರ್ಥವಿದ್ದರೆ, ನೀಲಿ ಅಂದರೆ ಸಂಘದ ಸಿಬ್ಬಂದಿ, ಕಿತ್ತಳೆ ಅಂದರೆ ಕಂಪನಿಯವರು ಎಂಬ ಹಾಗೆ, ‘ಯಾರು’ ಎಂಬ ಇನ್ನೊಂದು ಕಾಲಂ ಬೇಕಾಗುತ್ತದೆ. ಬಣ್ಣ ಬರೀ ಅಲಂಕಾರವಾಗಿದ್ದರೆ ಬಿಟ್ಟುಬಿಡಬಹುದು.

ಇಷ್ಟಕ್ಕೇ ಬಹಳ ಜನ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಇದು ಅರ್ಧ ಕೆಲಸ. ಪಟ್ಟೆಗಳನ್ನು ಒಂದರ ಕೆಳಗೊಂದು ಹಾಕಿದ್ದೇ ಯಾವುದು ಯಾವುದರ ಜೊತೆ ನಡೆಯುತ್ತದೆ ಎಂದು ತೋರಿಸುವುದಕ್ಕೆ. ಕೋಷ್ಟಕ ಓದುವವರು ಆ ಹೋಲಿಕೆಯನ್ನು ತಾವೇ ಮನಸ್ಸಿನಲ್ಲಿ ಮಾಡಬೇಕಾಗುತ್ತದೆ, ಯಾರೂ ಮಾಡುವುದಿಲ್ಲ. ಅದನ್ನು ನಾವೇ ಬರೆದುಕೊಡಬೇಕು. ಎರಡು ಹಂತಗಳ ಓವರ್‌ಲ್ಯಾಪ್ ಕಂಡುಹಿಡಿಯುವ ಸೂತ್ರ ಸರಳ: ಎರಡರಲ್ಲಿ ತಡವಾಗಿ ಶುರುವಾಗುವ ತಾರೀಕು ಹಿಡಿಯಿರಿ, ಎರಡರಲ್ಲಿ ಬೇಗ ಮುಗಿಯುವ ತಾರೀಕು ಹಿಡಿಯಿರಿ, ನಡುವಿನ ಕಾಲವೇ ಓವರ್‌ಲ್ಯಾಪ್. ಪರಿಶೀಲನೆ ಮತ್ತು ಡೇಟಾ ಕ್ಲೀನಿಂಗ್‌ನಲ್ಲಿ ತಡವಾದ ಶುರು ಮೇ 16, ಬೇಗನೆಯ ಕೊನೆ ಮೇ 31. ಹಾಗಾಗಿ ಅರ್ಧ ತಿಂಗಳು ಎರಡೂ ಒಟ್ಟಿಗೆ. ಎಕ್ಸೆಲ್‌ನಲ್ಲಿ C ಕಾಲಂನಲ್ಲಿ ಶುರು, D ಕಾಲಂನಲ್ಲಿ ಕೊನೆ ಇದ್ದರೆ ದಿನಗಳ ಲೆಕ್ಕ ಇದು:

```
=MAX(0, MIN(D2,D3)-MAX(C2,C3)+1)
```

ಕೊನೆಯ `+1` ಮರೆಯುವಂತಿಲ್ಲ. ಮೇ 16ರಿಂದ 31ರವರೆಗೆ ಎಂದರೆ ಎರಡೂ ದಿನ ಸೇರಿ 16 ದಿನ. ಬರೀ ಕಳೆದರೆ 15 ಬರುತ್ತದೆ. ಇದೇ ತಪ್ಪು ತಿಂಗಳಲ್ಲಿ ಆದರೆ ಇನ್ನೂ ದೊಡ್ಡದು. ‘ಏಪ್ರಿಲ್‌ನಿಂದ ಜೂನ್’ ಎಂಬುದನ್ನು ಆರರಲ್ಲಿ ನಾಲ್ಕು ಕಳೆದು ಎರಡು ತಿಂಗಳು ಎಂದು ಬರೆದ ಕೋಷ್ಟಕಗಳಿಗೆ ಬರವಿಲ್ಲ.

ಆರು ಹಂತಗಳನ್ನು ಇಬ್ಬಿಬ್ಬರಂತೆ ಜೋಡಿಸಿದರೆ ಹದಿನೈದು ಜೋಡಿ ಆಗುತ್ತವೆ. ಹದಿನೈದನ್ನೂ ಬರೆದರೆ ಓದುವವರು ಓಡಿಹೋಗುತ್ತಾರೆ. ಒಟ್ಟಿಗೆ ನಡೆಯುವವು, ಒಂದು ಮುಗಿದ ಮರುದಿನವೇ ಇನ್ನೊಂದು ಶುರುವಾಗುವವು, ಮತ್ತು ನಡುವೆ ಅರ್ಥವಿರುವ ಬಿಡುವು ಇರುವವು, ಇಷ್ಟು ಸಾಕು. ಎರಡು ಕಾಲಾವಧಿಗಳ ನಡುವೆ ಒಟ್ಟು ಹದಿಮೂರು ಬಗೆಯ ಸಂಬಂಧಗಳು ಸಾಧ್ಯ ಎಂದು ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಆ್ಯಲೆನ್ 1983ರಲ್ಲಿ ಪಟ್ಟಿ ಮಾಡಿದ್ದಾರೆ. ಯಂತ್ರಕ್ಕೆ ಅಷ್ಟು ಬೇಕು. ನಡಾವಳಿ ಪುಸ್ತಕಕ್ಕೆ ಈ ಮೂರು ನಾಲ್ಕು ಸಾಕು.

| ಜೋಡಿ | ಸಂಬಂಧ | ಯಾವಾಗ | ಎಷ್ಟು |
|---|---|---|---|
| ಪರಿಶೀಲನೆ, ಡೇಟಾ ಕ್ಲೀನಿಂಗ್ | ಒಟ್ಟಿಗೆ | ಮೇ ಎರಡನೇ ಅರ್ಧ | 0.5 ತಿಂಗಳು |
| ಡೇಟಾ ಕ್ಲೀನಿಂಗ್, ಅಳವಡಿಕೆ | ಒಟ್ಟಿಗೆ | ಜೂನ್‌ನಿಂದ ಆಗಸ್ಟ್ | 3 ತಿಂಗಳು |
| ಡೇಟಾ ಕ್ಲೀನಿಂಗ್, ತರಬೇತಿ | ಒಟ್ಟಿಗೆ | ಆಗಸ್ಟ್ ಎರಡನೇ ಅರ್ಧ | 0.5 ತಿಂಗಳು |
| ಅಳವಡಿಕೆ, ತರಬೇತಿ | ಒಟ್ಟಿಗೆ | ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆ | 1.5 ತಿಂಗಳು |
| ತರಬೇತಿ, ಪ್ಯಾರಲಲ್ ರನ್ | ಒಟ್ಟಿಗೆ | ಅಕ್ಟೋಬರ್ ಮೊದಲ ಅರ್ಧ | 0.5 ತಿಂಗಳು |
| ಪರಿಶೀಲನೆ, ಅಳವಡಿಕೆ | ಮುಗಿದ ಮರುದಿನವೇ ಶುರು | 1 ಜೂನ್ | ಇಲ್ಲ |
| ಅಳವಡಿಕೆ, ಪ್ಯಾರಲಲ್ ರನ್ | ಮುಗಿದ ಮರುದಿನವೇ ಶುರು | 1 ಅಕ್ಟೋಬರ್ | ಇಲ್ಲ |
| ಪ್ಯಾರಲಲ್ ರನ್, ಸಪೋರ್ಟ್ | ಮುಗಿದ ಮರುದಿನವೇ ಶುರು | 1 ಜನವರಿ | ಇಲ್ಲ |
| ಡೇಟಾ ಕ್ಲೀನಿಂಗ್, ಪ್ಯಾರಲಲ್ ರನ್ | ನಡುವೆ ಬಿಡುವು | ಸೆಪ್ಟೆಂಬರ್ | 1 ತಿಂಗಳು |

ಇಷ್ಟು ಬರೆದದ್ದು ಸರಿಯೇ ಎಂದು ತಾಳೆ ನೋಡಲು ಒಂದು ಉಪಾಯವಿದೆ. ಮೊದಲ ಕೋಷ್ಟಕದ ಅವಧಿಗಳನ್ನು ಕೂಡಿ, ಸಪೋರ್ಟನ್ನು ಮಾರ್ಚ್‌ವರೆಗೆ ಮಾತ್ರ ಹಿಡಿಯಿರಿ: ಹದಿನೇಳೂವರೆ ತಿಂಗಳು. ಈಗ ಸ್ಲೈಡ್‌ಗೆ ಮರಳಿ, ಪಟ್ಟೆಗಳನ್ನು ಅಡ್ಡಲಾಗಿ ನೋಡುವ ಬದಲು ಒಂದೊಂದು ಅರ್ಧ ತಿಂಗಳನ್ನು ಮೇಲಿನಿಂದ ಕೆಳಕ್ಕೆ ನೋಡಿ, ಎಷ್ಟು ಪಟ್ಟೆ ಅದನ್ನು ಹಾಯುತ್ತವೆ ಎಂದು ಎಣಿಸಿ. ಏಪ್ರಿಲ್‌ನ ಎರಡೂ ಅರ್ಧದಲ್ಲಿ ಒಂದೊಂದು, ಮೇ ತಿಂಗಳಲ್ಲಿ ಒಂದು, ಆಮೇಲೆ ಎರಡು, ಜೂನ್, ಜುಲೈನಲ್ಲಿ ಎರಡೆರಡು, ಆಗಸ್ಟ್‌ನಲ್ಲಿ ಎರಡು, ಆಮೇಲೆ ಮೂರು, ಸೆಪ್ಟೆಂಬರ್‌ನಲ್ಲಿ ಎರಡೆರಡು, ಅಕ್ಟೋಬರ್‌ನಲ್ಲಿ ಎರಡು, ಆಮೇಲೆ ಒಂದು, ಅಲ್ಲಿಂದ ಮಾರ್ಚ್‌ವರೆಗೆ ಒಂದೊಂದು. ಒಟ್ಟು ಮೂವತ್ತೈದು ಅರ್ಧ ತಿಂಗಳು, ಅಂದರೆ ಅದೇ ಹದಿನೇಳೂವರೆ. ಎರಡೂ ಕೂಡಿಲ್ಲದಿದ್ದರೆ ಯಾವುದೋ ಪಟ್ಟೆಯನ್ನು ತಪ್ಪಾಗಿ ಓದಿದ್ದೇವೆ ಎಂದೇ ಅರ್ಥ. ಹನ್ನೆರಡು ತಿಂಗಳ ಯೋಜನೆಯಲ್ಲಿ ಹದಿನೇಳೂವರೆ ತಿಂಗಳ ಕೆಲಸ ಹಿಡಿಸಿದ್ದು ಹೇಗೆ ಎಂಬುದಕ್ಕೂ ಓವರ್‌ಲ್ಯಾಪ್ ಕೋಷ್ಟಕವೇ ಉತ್ತರ. ಅದರಲ್ಲಿ ಒಟ್ಟಿಗೆ ನಡೆಯುವ ಕಾಲ ಕೂಡಿದರೆ ಆರು ತಿಂಗಳು. ಆಗಸ್ಟ್ ಕೊನೆಯ ಹದಿನೈದು ದಿನ ಮೂರು ಕೆಲಸ ಒಟ್ಟಿಗಿರುವುದರಿಂದ ಅದು ಮೂರು ಜೋಡಿಯಲ್ಲೂ ಎಣಿಕೆಯಾಗಿದೆ. ಅಲ್ಲಿ ಅರ್ಧ ತಿಂಗಳು ಹೆಚ್ಚಾಗಿ ಬಂದಿದೆ. ಅದನ್ನು ತೆಗೆದರೆ ಐದೂವರೆ, ಹನ್ನೆರಡಕ್ಕೆ ಕೂಡಿದರೆ ಹದಿನೇಳೂವರೆ.

ಆ ‘ಮೂರು’ ಎಂಬ ಎಣಿಕೆಯ ಕಡೆ ಸ್ವಲ್ಪ ನಿಲ್ಲೋಣ. ಗೋಡೆಯ ಮೇಲೆ ಪಟ್ಟೆಗಳಿದ್ದಾಗ ಆ ಜಾಗ ಯಾರ ಕಣ್ಣಿಗೂ ಚುಚ್ಚಿರಲಿಲ್ಲ. ಅಕ್ಷರದಲ್ಲಿ ಬರೆದಾಗ ಕಾಣುತ್ತದೆ: ಆಗಸ್ಟ್ 16ರಿಂದ 31ರವರೆಗೆ ಡೇಟಾ ತಿದ್ದಬೇಕು, ಸಾಫ್ಟ್‌ವೇರ್ ಕೂರಿಸುವವರಿಗೆ ಉತ್ತರ ಕೊಡಬೇಕು, ತರಬೇತಿಗೂ ಕೂರಬೇಕು. ಸಣ್ಣ ಸಂಘದಲ್ಲಿ ಈ ಮೂರನ್ನೂ ಮಾಡುವವರು ಅದೇ ಇಬ್ಬರು ಗುಮಾಸ್ತರು. ಸಾಲದ್ದಕ್ಕೆ 2025ರಲ್ಲಿ ಗಣೇಶ ಚತುರ್ಥಿ ಬಂದದ್ದು ಆಗಸ್ಟ್ 27ಕ್ಕೆ. ಇನ್ನು ಪ್ಯಾರಲಲ್ ರನ್ ಶುರುವಾಗುವ ಅಕ್ಟೋಬರ್ 1 ಆ ವರ್ಷದ ಆಯುಧ ಪೂಜೆ, ಮರುದಿನ ವಿಜಯದಶಮಿ ಮತ್ತು ಗಾಂಧಿ ಜಯಂತಿ. ಹೊಸ ಕಂಪ್ಯೂಟರ್‌ಗೆ ಕುಂಕುಮ ಹಚ್ಚಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಎರಡೆರಡು ಲೆಕ್ಕ ಬರೆದು ತಾಳೆ ನೋಡಲು ಅದಕ್ಕಿಂತ ಕೆಟ್ಟ ದಿನವೂ ಇಲ್ಲ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯ ಗಡಿಬಿಡಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಅಳವಡಿಕೆ ಮತ್ತು ತರಬೇತಿ ಒಟ್ಟಿಗೆ ನಡೆಯುವುದೂ ಆಗಲೇ.

ಎಚ್ಚರಿಕೆಯ ಮಾತೂ ಒಂದಿದೆ. ಓವರ್‌ಲ್ಯಾಪ್ ಕಂಡದ್ದೆಲ್ಲ ತಪ್ಪಲ್ಲ. ಡೇಟಾ ಕ್ಲೀನಿಂಗ್ ಮತ್ತು ಅಳವಡಿಕೆ ಮೂರು ತಿಂಗಳು ಜೊತೆಯಲ್ಲಿ ನಡೆಯುವುದು ಒಳ್ಳೆಯದೇ. ಸಾಫ್ಟ್‌ವೇರ್‌ನ ಕಾಲಂಗಳು ಹೇಗಿವೆ ಎಂದು ತಿಳಿದರೆ ಡೇಟಾವನ್ನು ಆ ಅಚ್ಚಿಗೆ ತಿದ್ದಬಹುದು. ತರಬೇತಿ ಮುಗಿಯುವ ಮೊದಲೇ ಪ್ಯಾರಲಲ್ ರನ್ ಶುರುವಾಗುವುದು ಬೇರೆ ಮಾತು. ಶಾಖೆಯ ಸಿಬ್ಬಂದಿಯ ಕೊನೆಯ ತಂಡಕ್ಕೆ ತರಬೇತಿ ಬಾಕಿ ಎಂದು ಯೋಚಿಸಿಯೇ ಹಾಗೆ ಇಟ್ಟಿರಬಹುದು, ಪಟ್ಟೆ ಎಳೆಯುವಾಗ ಉದ್ದವಾಗಿಯೂ ಇರಬಹುದು. ಸ್ಲೈಡ್ ಎರಡನ್ನೂ ಒಂದೇ ಥರ ತೋರಿಸುತ್ತದೆ. ಹಾಗಾಗಿ ಕೋಷ್ಟಕದಲ್ಲಿ ‘ಒಟ್ಟಿಗೆ’ ಎಂದಷ್ಟೇ ಬರೆಯಬೇಕು. ‘ತರಬೇತಿಯ ಮೇಲೆ ಅವಲಂಬಿತ’ ಎಂದೋ ‘ಅಳವಡಿಕೆ ಮುಗಿದ ನಂತರವೇ’ ಎಂದೋ ಬರೆಯಲು ಸ್ಲೈಡ್‌ನಲ್ಲಿ ಬಾಣದ ಗುರುತಾದರೂ ಇರಬೇಕು. ಪಟ್ಟೆಗಳು ತಾಗಿಕೊಂಡಿವೆ ಎಂಬುದು ಅದಕ್ಕೆ ಸಾಕ್ಷಿಯಲ್ಲ. ಅನುಮಾನಗಳನ್ನು ಕೋಷ್ಟಕದ ಒಳಗೆ ತುಂಬದೆ, ಕೆಳಗೆ ಪ್ರಶ್ನೆಗಳಾಗಿ ಬೇರೆ ಬರೆದು ಕಂಪನಿಯವರಿಗೆ ಕಳುಹಿಸುವುದು ಒಳಿತು. ‘ಅದು ಇಂಡಿಕೇಟಿವ್ ಅಷ್ಟೇ ಸರ್’ ಎಂಬ ಉತ್ತರ ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ. ಯಾವ ತಾರೀಕು ಇಂಡಿಕೇಟಿವ್, ಯಾವುದು ಅಲ್ಲ ಎಂದು ಮತ್ತೆ ಕೇಳಬಹುದು.

ಫೈಲ್ ಸಿಗದೆ ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಮಾತ್ರ ಇದ್ದರೆ? ಆಗಲೂ ಕೆಲಸ ನಡೆಯುತ್ತದೆ. ಚಿತ್ರವನ್ನು ಕಂಪ್ಯೂಟರ್‌ನ ಪೇಂಟ್‌ನಲ್ಲಿ ತೆರೆದು ಮೌಸನ್ನು ಪಟ್ಟೆಯ ಅಂಚಿಗೆ ತಂದರೆ ಕೆಳಗೆ ಆ ಜಾಗದ ಪಿಕ್ಸೆಲ್ ಅಂಕಿ ಕಾಣುತ್ತದೆ. ಸೆಂಟಿಮೀಟರ್ ಬದಲು ಪಿಕ್ಸೆಲ್, ಲೆಕ್ಕ ಅದೇ. ಗೋಡೆಯ ಮೇಲಿನ ಸ್ಲೈಡನ್ನು ಪಕ್ಕದಿಂದ ಮೊಬೈಲ್‌ನಲ್ಲಿ ತೆಗೆದ ಫೋಟೋ ಆಗಿದ್ದರೆ ದೂರದ ತಿಂಗಳುಗಳು ಕಿರಿದಾಗಿ ಕಾಣುತ್ತವೆ, ಒಂದೇ ಅಳತೆಗೋಲು ಮೋಸ ಮಾಡುತ್ತದೆ. ಆಗ ಅಂಚು ಯಾವ ತಿಂಗಳ ಕಾಲಂ ಒಳಗೆ ಬಿದ್ದಿದೆ, ಆ ಕಾಲಂನ ಮೊದಲರ್ಧದಲ್ಲೋ ಎರಡನೇ ಅರ್ಧದಲ್ಲೋ ಎಂದು ಅಲ್ಲಲ್ಲೇ ನೋಡಿ ಬರೆಯಬೇಕು.

ಇದಕ್ಕೆ ವಿರುದ್ಧವಾಗಿ, ನೂರಾರು ಪಟ್ಟೆಗಳ ಹತ್ತಾರು ಸ್ಲೈಡ್‌ಗಳಿದ್ದರೆ ಒಂದೊಂದನ್ನೇ ಕ್ಲಿಕ್ ಮಾಡುತ್ತಾ ಕೂರುವುದು ಆಗದ ಮಾತು. `.pptx` ಫೈಲ್ ನಿಜಕ್ಕೂ ಒಂದು ಜಿಪ್ ಕಟ್ಟು. ಬಿಚ್ಚಿದರೆ ಪ್ರತಿ ಸ್ಲೈಡ್‌ಗೂ ಒಂದು ಪಠ್ಯ ಕಡತ ಸಿಗುತ್ತದೆ. ಅಲ್ಲಿ ಆಗಸ್ಟ್ ಮಧ್ಯಕ್ಕೆ ಸರಿಯಾಗಿ ಕೂತ, ಎರಡು ತಿಂಗಳುದ್ದದ ಪಟ್ಟೆ ಹೀಗೆ ಕಾಣುತ್ತದೆ:

```xml
<a:off x="5400000" y="3240000"/>
<a:ext cx="1440000" cy="288000"/>
```

ಇಲ್ಲಿನ ಅಳತೆಯಲ್ಲಿ 3,60,000 ಅಂದರೆ ಒಂದು ಸೆಂಟಿಮೀಟರ್. ಹಾಗಾಗಿ ಶುರು 15 ಸೆಂಟಿಮೀಟರ್‌ಗೆ, ಅಗಲ 4. ಪ್ರೋಗ್ರಾಂ ಬರೆಯಬಲ್ಲವರು ಪೈಥಾನ್‌ನ `python-pptx` ಮೂಲಕ ಈ ಅಂಕಿಗಳನ್ನು ಒಮ್ಮೆಗೇ ಹೊರತೆಗೆಯಬಹುದು. ಅವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಹಲವು ಪಟ್ಟೆಗಳನ್ನು ಗ್ರೂಪ್ ಮಾಡಿದ್ದರೆ ಒಳಗಿನ ಪಟ್ಟೆಯ ಅಂಕಿ ಗ್ರೂಪ್‌ನ ಸ್ವಂತ ಅಳತೆಯಲ್ಲಿರುತ್ತದೆ, ಸ್ಲೈಡ್‌ನ ಅಳತೆಯಲ್ಲಲ್ಲ. ಗ್ರೂಪ್ ಬಿಡಿಸಿ ಓದಿದರೆ ಸರಿಹೋಗುತ್ತದೆ. ಅಂಕಿ ತಪ್ಪಿದೆ ಎಂದು ಗೊತ್ತಾಗುವುದು ಯಾವುದೋ ಕೆಲಸ ಏಪ್ರಿಲ್‌ಗಿಂತ ಮೊದಲು ಶುರುವಾಗಿ ಜುಲೈಗಿಂತ ಮೊದಲೇ ಮುಗಿಯುವ ಥರದ ಅಸಂಬದ್ಧ ಸಾಲು ಕಂಡಾಗ.

ಕೋಷ್ಟಕದ ಅಸಲಿ ಉಪಯೋಗ ಎರಡನೇ ಸ್ಲೈಡ್ ಬಂದಾಗ. ಜುಲೈ ಸಭೆಗೆ ಕಂಪನಿಯವರು ‘ಸಣ್ಣ ಬದಲಾವಣೆ ಮಾಡಿದ್ದೇವೆ, ಗೋ-ಲೈವ್ ಜನವರಿ 1ಕ್ಕೇ ಇದೆ’ ಎಂದು ಹೊಸ ಸ್ಲೈಡ್ ತೋರಿಸುತ್ತಾರೆ ಎಂದುಕೊಳ್ಳಿ. ಡೇಟಾ ಕ್ಲೀನಿಂಗ್ ಪಟ್ಟೆ ಒಂದು ತಿಂಗಳಷ್ಟು ಬಲಕ್ಕೆ ಬೆಳೆದಿದೆ, ಉಳಿದದ್ದೆಲ್ಲ ಹಾಗೇ ಇದೆ. ಗೋಡೆಯ ಮೇಲೆ ಅದು ಎರಡು ಸೆಂಟಿಮೀಟರ್‌ನ ವಿಷಯ. ಅಳೆದು ಹಳೆಯ ಕೋಷ್ಟಕದ ಪಕ್ಕ ಇಟ್ಟರೆ ಸಾಲುಗಳು ಒಂದೊಂದಾಗಿ ಬದಲಾಗುತ್ತವೆ. ಕ್ಲೀನಿಂಗ್ ಅವಧಿ ಮೂರೂವರೆಯಿಂದ ನಾಲ್ಕೂವರೆ ತಿಂಗಳಾಯಿತು. ಅಳವಡಿಕೆ ಈಗ ಪೂರ್ತಿಯಾಗಿ ಕ್ಲೀನಿಂಗ್ ಅವಧಿಯ ಒಳಗೇ ಬಿತ್ತು. ಮೂರು ಕೆಲಸ ಒಟ್ಟಿಗೆ ನಡೆಯುವ ಕಾಲ ಹದಿನೈದು ದಿನದಿಂದ ಒಂದೂವರೆ ತಿಂಗಳಿಗೆ ಏರಿತು, ಮಹಾಸಭೆಯ ತಿಂಗಳನ್ನೂ ಸೇರಿಸಿಕೊಂಡು. ಕೊನೆಯ ಸಾಲಿನಲ್ಲಿ ಕ್ಲೀನಿಂಗ್ ಮತ್ತು ಪ್ಯಾರಲಲ್ ರನ್ ನಡುವೆ ಇದ್ದ ಒಂದು ತಿಂಗಳ ಬಿಡುವು ಸೊನ್ನೆಯಾಯಿತು. ತಿದ್ದಿದ ಡೇಟಾವನ್ನು ಹೊಸ ಸಾಫ್ಟ್‌ವೇರ್‌ಗೆ ತುಂಬಿ, ಸದಸ್ಯರ ಬಾಕಿ ಹಳೆಯ ಲೆಡ್ಜರ್‌ನೊಂದಿಗೆ ಹೊಂದುತ್ತದೆಯೇ ಎಂದು ನೋಡಲು ಇದ್ದ ತಿಂಗಳು ಅದೊಂದೇ. ಆಡಳಿತ ಮಂಡಳಿ ಕೇಳಬೇಕಾದದ್ದು ಆ ಕೆಲಸ ಈಗ ಯಾವ ಸಾಲಿನಲ್ಲಿದೆ ಎಂದು.